ನವಜಾತ ಶಿಶುವಿನ ಅಶ್ರುನಾಳ ಪ್ರತಿಬಂಧ

ಕಣ್ಣೀರನ್ನು ಕಣ್ಣಿನಿಂದ ಮೂಗಿನೊಳಕ್ಕೆ ಇಳಿಸುವ ನಾಳದ ಕೆಳತುದಿಯು ಜನನಕಾಲದಲ್ಲಿಯೂ ತೆರೆದುಕೊಳ್ಳದೆ ತೆಳುವಾದ ಪೊರೆಯೊಂದರಿಂದ ಮುಚ್ಚಿಕೊಂಡೇ ಉಳಿದುದರ ಫಲವಾಗಿ, ಎಳೆಗೂಸಿನ ಒಂದು ಕಣ್ಣಾಗಲಿ ಎರಡು ಕಣ್ಣುಗಳಾಗಲಿ ಅಳುವಿಲ್ಲದೆಯೂ ಒದ್ದೆಯಾಗಿರುವ, ಮೂಲೆಯಲ್ಲಿ ಗೀಜು ಕಟ್ಟುವ, ನಿದ್ರೆಯಿಂದ ಎದ್ದಾಗ ರೆಪ್ಪೆಗಳು ಅಂಟಿಕೊಂಡಿರುವ ಸ್ಥಿತಿ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಬಹುಪಾಲು ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ತಾನಾಗಿಯೇ ಮಾಯವಾಗುತ್ತದೆ. ಇದರ ಚಿಕಿತ್ಸೆಯ ಇತಿಹಾಸವು ಕಾದ ಕಬ್ಬಿಣದಿಂದ ಆರಂಭವಾಗಿ, ಬೆಳ್ಳಿಯ ಸಲಾಕೆಯನ್ನು ಹಾದು, ತಾಯಿಯ ಬೆರಳಿನಲ್ಲಿ ಬಂದು ನಿಂತಿದೆ.

ರಚನೆ ಮತ್ತು ಕಾರಣ: ಕಣ್ಣಿನ ಮೇಲ್ಭಾಗದ ಹೊರಮಗ್ಗುಲಲ್ಲಿರುವ ಅಶ್ರುಗ್ರಂಥಿಯಿಂದ ಸ್ರವಿಸಿದ ನೀರು ಕಣ್ಣನ್ನು ತೊಳೆದು, ಮೂಗಿನ ಕಡೆಯ ಮೂಲೆಯಲ್ಲಿ ಮೇಲಿನ ಮತ್ತು ಕೆಳಗಿನ ರೆಪ್ಪೆಗಳ ಅಂಚಿನಲ್ಲಿರುವ ಎರಡು ಸೂಕ್ಷ್ಮರಂಧ್ರಗಳನ್ನು ಹೊಕ್ಕು, ಕಿರುನಾಳಗಳ ಮೂಲಕ ಅಶ್ರುಕೋಶವೆಂಬ ಚಿಕ್ಕ ಚೀಲವನ್ನು ಸೇರಿ, ಅಲ್ಲಿಂದ ಮೂಳೆಯ ನಡುವಣ ನಾಳದಲ್ಲಿ ಇಳಿದು ಮೂಗಿನೊಳಗೆ ಸೇರುತ್ತದೆ. ಭ್ರೂಣಾವಸ್ಥೆಯಲ್ಲಿ ಈ ಮಾರ್ಗವು ಮೊದಲು ಟೊಳ್ಳಿಲ್ಲದ ಒಂದು ಜೀವಕೋಶಗಳ ಎಳೆಯಾಗಿದ್ದು, ತಿಂಗಳುಗಳು ಕಳೆದಂತೆ ಒಳಗೆ ಟೊಳ್ಳಾಗುತ್ತ ಬರುತ್ತದೆ. ಎಲ್ಲಕ್ಕಿಂತ ಕೊನೆಗೆ ತೆರೆದುಕೊಳ್ಳಬೇಕಾದದ್ದು ಮೂಗಿನ ಕಡೆಯ ತುದಿ. ಅದು ತೆರೆಯದಿದ್ದಲ್ಲಿ ನೀರು ಕೋಶದಲ್ಲಿಯೇ ನಿಂತು, ಲೋಳೆಯೊಡನೆ ಬೆರೆತು, ಹಿಂದಕ್ಕೆ ಉಕ್ಕಿ ಕಣ್ಣಿಗೆ ಬರುತ್ತದೆ. ಹೀಗೆ ಬರುವ ಗೀಜು ರೋಗಾಣುಗಳ ಸೋಂಕಿನಿಂದಲೇ ಆದುದೆಂದು ಭಾವಿಸಬೇಕಾಗಿಲ್ಲ. ಕಣ್ಣಿನ ಬಿಳಿಯು ಬೆಳ್ಳಗೇ ಇದ್ದು ರೆಪ್ಪೆಗಳು ಊದಿಕೊಳ್ಳದೆ ಇದ್ದರೆ, ಅದು ಹರಿಯದೆ ನಿಂತ ನೀರಿನ ಲಕ್ಷಣವಷ್ಟೆ.

ಪ್ರಾಚೀನರ ತಿಳಿವಳಿಕೆ: ಸುಶ್ರುತಸಂಹಿತೆಯ ಉತ್ತರತಂತ್ರವು ಕಣ್ಣಿನ ಸಂಧಿಗಳಲ್ಲಿ ಹುಟ್ಟುವ ರೋಗಗಳನ್ನು ಎಣಿಸುವಾಗ ಕೀವು ಒಸರುವ ಬಾವಾದ ಪೂಯಾಲಸವನ್ನೂ ನಾನಾ ಬಗೆಯ ಸ್ರಾವಗಳನ್ನೂ ಹೆಸರಿಸುತ್ತದೆ, ಶಿಶುಗಳಿಗೆ ವಿಶೇಷವಾದ ಕುಕೂಣಕವೆಂಬ ನೇತ್ರರೋಗವನ್ನು ಪ್ರತ್ಯೇಕವಾಗಿ ಹೇಳಿ, ಅದಕ್ಕೆ ಸ್ತನ್ಯದೋಷವನ್ನು ಕಾರಣವಾಗಿ ಮುಂದಿಡುತ್ತದೆ. ರೋಮಿನ ಸೆಲ್ಸಸ್ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಬರೆದ ವೈದ್ಯಗ್ರಂಥದಲ್ಲಿ, ಕಣ್ಣಿನ ಮೂಲೆಯಲ್ಲಿ ಕೀವು ಸುರಿಸುವ ನಾಳವ್ರಣವನ್ನು ಮೂಳೆಯವರೆಗೂ ಕೊಯ್ದು ಆ ಮೂಳೆಯನ್ನು ಕಾದ ಕಬ್ಬಿಣದಿಂದ ಸುಡುವ ವಿಧಾನವನ್ನು ವಿವರಿಸಿದ್ದಾನೆ. ಕಣ್ಣೀರಿನ ಮೂಲವೂ ಅದರ ಹಾದಿಯೂ ಸರಿಯಾಗಿ ತಿಳಿಯದಿದ್ದ ಆ ಕಾಲದಲ್ಲಿ, ಮೂಲೆಯ ವ್ರಣವೇ ರೋಗವಾಗಿ ತೋರಿತೇ ಹೊರತು, ಅದರ ಕೆಳಗಿದ್ದ ಮುಚ್ಚಿದ ದಾರಿಯು ಗಮನಕ್ಕೆ ಬರಲಿಲ್ಲ.

ಸಲಾಕೆಯ ಯುಗ: ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್ 1662ರಲ್ಲಿ ಅಶ್ರುಗ್ರಂಥಿಯ ನಾಳಗಳನ್ನು ವರ್ಣಿಸಿ, ಕಣ್ಣೀರು ಹುಟ್ಟುವುದು ಈ ಗ್ರಂಥಿಯಲ್ಲಿಯೇ ಎಂದು ತೋರಿಸಿಕೊಟ್ಟ ಮೇಲೆ ವಿಚಾರದ ದಿಕ್ಕು ಬದಲಾಯಿತು. ಫ್ರೆಂಚ್ ಶಸ್ತ್ರವೈದ್ಯ ದೊಮಿನಿಕ್ ಅನೆಲ್ 1713ರಲ್ಲಿ ಟ್ಯೂರಿನ್ ನಗರದಲ್ಲಿ ಪ್ರಕಟಿಸಿದ ಹೊಸ ವಿಧಾನದಲ್ಲಿ ಕೊಯ್ಯುವುದೂ ಇರಲಿಲ್ಲ, ಸುಡುವುದೂ ಇರಲಿಲ್ಲ. ರೆಪ್ಪೆಯ ಅಂಚಿನ ಸಹಜರಂಧ್ರದ ಮೂಲಕವೇ ಅತಿ ನವುರಾದ ಸಲಾಕೆಯನ್ನು ತೂರಿಸಿ, ಸಣ್ಣ ಪಿಚಕಾರಿಯಿಂದ ದ್ರವವನ್ನು ಹಾಯಿಸಿ ಮಾರ್ಗವನ್ನು ತೊಳೆಯುವುದು ಅವನ ಕ್ರಮ. ಪ್ರಾಗ್ ನಗರದ ಯೋಸೆಫ್ ಹಾಸ್ನರ್ ಹತ್ತೊಂಬತ್ತನೆಯ ಶತಮಾನದ ನಡುವೆ ನಾಳದ ಕೆಳತುದಿಯ ಲೋಳೆಪೊರೆಯ ಮಡಿಕೆಯನ್ನು ವಿವರವಾಗಿ ವರ್ಣಿಸಿದುದರಿಂದ, ಶಿಶುಗಳಲ್ಲಿ ತೆರೆಯದೆ ಉಳಿಯುವ ಆ ಸ್ಥಾನಕ್ಕೆ ಹಾಸ್ನರನ ಕವಾಟವೆಂಬ ಹೆಸರು ನಿಂತಿತು. ಅದೇ ಶತಮಾನದಲ್ಲಿ ಲಂಡನ್ನಿನ ವಿಲಿಯಂ ಬೌಮನ್ ರೂಪಿಸಿದ, ಗಾತ್ರಕ್ಕೊಂದು ಸಂಖ್ಯೆಯುಳ್ಳ ಸಲಾಕೆಗಳು ಇಂದಿಗೂ ಶಸ್ತ್ರಾಗಾರದಲ್ಲಿ ಅವನ ಹೆಸರಿನಿಂದಲೇ ನಡೆಯುತ್ತಿವೆ.

ಇದೇ ಕಾಲದ ಇನ್ನೊಂದು ಘಟನೆಯೂ ಇಲ್ಲಿ ಪ್ರಸ್ತುತ. ಲೈಪ್‌ಝಿಗ್ ನಗರದ ಪ್ರಸೂತಿತಜ್ಞ ಕಾರ್ಲ್ ಕ್ರೆಡೆ 1881ರಲ್ಲಿ, ಹುಟ್ಟಿದ ಕೂಡಲೆ ಶಿಶುವಿನ ಕಣ್ಣಿಗೆ ನೂರಕ್ಕೆ 2 ಪಾಲಿನ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಒಂದು ಹನಿ ಹಾಕುವುದರಿಂದ, ಪ್ರಸವಮಾರ್ಗದಿಂದ ಅಂಟುವ ಘೋರವಾದ ನೇತ್ರಸೋಂಕನ್ನು ತಡೆಯಬಹುದೆಂದು ಪ್ರಕಟಿಸಿದನು. ಕುರುಡುತನಕ್ಕೆ ಎಡೆಕೊಡುವ ಆ ಸೋಂಕು ಬೇರೆ, ನಿರಪಾಯವಾದ ನಾಳದ ಪ್ರತಿಬಂಧ ಬೇರೆ. ಎರಡರಲ್ಲಿಯೂ ಗೀಜು ಕಾಣುವುದರಿಂದ ಇವೆರಡನ್ನು ಬೇರ್ಪಡಿಸಿ ನೋಡುವುದೇ ಇಂದಿಗೂ ವೈದ್ಯನ ಮೊದಲ ಕೆಲಸವಾಗಿದೆ.

ಕ್ರಿಗ್ಲರನ ಒತ್ತುವಿಧಾನ: ಅಮೆರಿಕದ ನೇತ್ರವೈದ್ಯ ಎಲ್. ಡಬ್ಲ್ಯು. ಕ್ರಿಗ್ಲರ್ 1923ರಲ್ಲಿ ಅಲ್ಲಿನ ವೈದ್ಯಸಂಘದ ಪತ್ರಿಕೆಯಲ್ಲಿ ಬರೆದ ಚಿಕ್ಕ ಲೇಖನವು ಈ ಚಿಕಿತ್ಸೆಯನ್ನು ಶಸ್ತ್ರಾಗಾರದಿಂದ ಮನೆಗೆ ತಂದಿತು. ಕೋಶದಲ್ಲಿ ತುಂಬಿರುವ ದ್ರವವನ್ನು ಸುಮ್ಮನೆ ಅದುಮಿದರೆ ಅದು ಸುಲಭವಾದ ಮೇಲ್ದಾರಿಯನ್ನು ಹಿಡಿದು ಕಣ್ಣಿಗೆ ಉಕ್ಕುತ್ತದೆ. ಬೆರಳ ತುದಿಯಿಂದ ಆ ಮೇಲ್ದಾರಿಯನ್ನು ಮೊದಲು ಮುಚ್ಚಿ, ಒತ್ತಡವನ್ನು ಸಡಿಲಿಸದೆ ಕೆಳಕ್ಕೆ ಜಾರಿಸಿದರೆ, ದಾರಿಗಾಣದ ದ್ರವದ ಒತ್ತಡವೆಲ್ಲ ಕೆಳತುದಿಯ ಪೊರೆಯ ಮೇಲೆ ಬಿದ್ದು ಅದನ್ನು ಹರಿಯಬಲ್ಲುದು ಎಂಬುದು ಆತನ ಯುಕ್ತಿ. ಸುಮಾರು ಅರವತ್ತು ವರ್ಷಗಳ ಬಳಿಕ, 1982ರಲ್ಲಿ, ಬರ್ಟನ್ ಕುಷ್ನರ್ ಶಿಶುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಕ್ರಿಗ್ಲರನ ಕ್ರಮವನ್ನೂ ಸಾಮಾನ್ಯವಾದ ನೀವುವಿಕೆಯನ್ನೂ ಏನನ್ನೂ ನೀವದೆ ಬಿಡುವುದನ್ನೂ ಹೋಲಿಸಿ ನೋಡಿದಾಗ, ಕ್ರಿಗ್ಲರನ ಕ್ರಮವೇ ಮಿಕ್ಕೆರಡಕ್ಕಿಂತ ಹೆಚ್ಚು ಫಲಕಾರಿಯೆಂದು ಕಂಡುಬಂದಿತು.

ಮನೆಯ ಉಪಚಾರ: ಮೂರು ವಾರದ ಕೂಸೊಂದರ ಬಲಗಣ್ಣು ಬೆಳಿಗ್ಗೆ ಎದ್ದಾಗ ಹಳದಿ ಗೀಜಿನಿಂದ ಅಂಟಿಕೊಂಡಿದೆಯೆಂದೂ, ಕಣ್ಣಿನ ಬಿಳಿಭಾಗ ನಿರ್ಮಲವಾಗಿದೆಯೆಂದೂ, ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆಯೆಂದೂ, ವೈದ್ಯರು ಪರೀಕ್ಷಿಸಿ ನಾಳದ ಪ್ರತಿಬಂಧವೆಂದು ಹೇಳಿದ್ದಾರೆಂದೂ ಇಟ್ಟುಕೊಳ್ಳೋಣ. ಮೊದಲು ಕೈಗಳನ್ನು ಸಾಬೂನಿನಿಂದ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಶುಭ್ರವಾದ ಹತ್ತಿಯನ್ನು ಅದ್ದಿ ಹಿಂಡಿ, ಮೂಗಿನ ಕಡೆಯ ಮೂಲೆಯಿಂದ ಹೊರಮೂಲೆಯ ಕಡೆಗೆ ಒಂದೇ ಸಲ ಒರೆಸಬೇಕು. ಮತ್ತೊಮ್ಮೆ ಒರೆಸಲು ಹೊಸ ತುಂಡು ಬೇಕು, ಇನ್ನೊಂದು ಕಣ್ಣಿಗೆ ಬೇರೆಯದೇ ಬೇಕು. ಗೀಜು ಗಟ್ಟಿಯಾಗಿದ್ದರೆ ಎಳೆದು ಕೀಳದೆ, ಒದ್ದೆ ಹತ್ತಿಯನ್ನು ರೆಪ್ಪೆಯ ಮೇಲೆ ಸ್ವಲ್ಪ ಹೊತ್ತು ಇರಿಸಿದರೆ ಅದು ತಾನೇ ನೆನೆದು ಬಿಡುತ್ತದೆ.

ಬಳಿಕ ನೀವುವ ಕೆಲಸ. ಉಗುರು ಕತ್ತರಿಸಿದ ತೋರುಬೆರಳಿನ ತುದಿಯನ್ನು ಕಣ್ಣಿನ ಒಳಮೂಲೆಗೂ ಮೂಗಿನ ಎಲುಬಿಗೂ ನಡುವೆ ಇರಿಸಿ ಮೆಲ್ಲಗೆ ಒಳಕ್ಕೆ ಒತ್ತಬೇಕು. ಮೊದಲ ಒತ್ತಿಗೆ ಮೂಲೆಯಲ್ಲಿ ನೀರೋ ಲೋಳೆಯೋ ಉಕ್ಕಿದರೆ ಬೆರಳು ಕೋಶದ ಮೇಲೆಯೇ ಕುಳಿತಿದೆಯೆಂದು ತಿಳಿಯಬಹುದು. ಅದನ್ನು ಒರೆಸಿ, ಬೆರಳನ್ನು ಮತ್ತೆ ಮೂಲೆಗೆ ತಂದು, ಅದೇ ಒತ್ತಡದಲ್ಲಿ ಮೂಗಿನ ಪಕ್ಕದಲ್ಲಿಯೇ ಕೆಳಮುಖವಾಗಿ ಜಾರಿಸಬೇಕು. ಹೀಗೆ ಐದರಿಂದ ಹತ್ತು ಸಲ, ದಿನಕ್ಕೆ ಎರಡರಿಂದ ನಾಲ್ಕು ಬಾರಿ, ಕೂಸಿಗೆ ಹಾಲೂಡಿಸುವಾಗಲೋ ಬಟ್ಟೆ ಬದಲಾಯಿಸುವಾಗಲೋ ಮಾಡಿದರೆ ಮರೆಯದೆ ನಡೆಯುತ್ತದೆ. ಸಾಮಾನ್ಯವಾಗಿ ಕಂಡುಬರುವ ದೋಷವೆಂದರೆ, ಬೆರಳನ್ನು ಮೂಲೆಯಲ್ಲಿ ಊರದೆ ಮೂಗಿನ ಮಧ್ಯಭಾಗದಿಂದ ಸವರಲು ತೊಡಗುವುದು. ಅಲ್ಲಿ ನಾಳವು ಮೂಳೆಯೊಳಗೆ ಅಡಗಿರುವುದರಿಂದ ಒತ್ತಡವು ದ್ರವವನ್ನು ಮುಟ್ಟುವುದೇ ಇಲ್ಲ. ಚರ್ಮ ಕೆಂಪೇರುವಷ್ಟು ಉಜ್ಜುವುದರಿಂದಲೂ ಪ್ರಯೋಜನವಿಲ್ಲ.

ಕಣ್ಣಿಗೆ ಎದೆಹಾಲು ಹಿಂಡುವುದು, ಹರಳೆಣ್ಣೆ ಬಿಡುವುದು, ಕಾಡಿಗೆ ತೀಡುವುದು ನಮ್ಮ ಬಾಣಂತಿಕೋಣೆಗಳಲ್ಲಿ ಬಳಕೆಯಲ್ಲಿದ್ದರೂ, ಇವಾವುವೂ ಕೆಳತುದಿಯ ಪೊರೆಯನ್ನು ತಲುಪಲಾರವು; ಕಾಡಿಗೆ ಮತ್ತು ಎಣ್ಣೆ ಸೋಂಕಿಗೆ ಎಡೆಗೊಡಬಹುದು, ಕೆಲವು ಕಾಡಿಗೆಗಳಲ್ಲಿ ಸೀಸವೂ ಇರುತ್ತದೆ. ಪ್ರತಿಜೈವಿಕ ಔಷಧದ ಹನಿಗಳೂ ನಾಳವನ್ನು ತೆರೆಯುವುದಿಲ್ಲ. ಸೋಂಕು ಸೇರಿಕೊಂಡಾಗ ಮಾತ್ರ ವೈದ್ಯರ ಸೂಚನೆಯಂತೆ ಅವುಗಳ ಉಪಯೋಗ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು: ಹುಟ್ಟಿದ ಮೊದಲ ನಾಲ್ಕು ವಾರಗಳೊಳಗೆ ಕಣ್ಣಿನಲ್ಲಿ ಗೀಜು ಕಂಡರೆ, ಸೋಂಕಲ್ಲವೆಂದು ಖಚಿತಪಡಿಸಿಕೊಳ್ಳಲು ಒಮ್ಮೆ ವೈದ್ಯರಿಗೆ ತೋರಿಸುವುದು ಲೇಸು. ರೆಪ್ಪೆಗಳು ಊದಿ, ಕಣ್ಣು ಕೆಂಪಾಗಿ, ಒರೆಸಿದಷ್ಟೂ ಕೀವು ತುಂಬಿಕೊಳ್ಳುತ್ತಿದ್ದರೆ ಅದೇ ದಿನ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಕ್ರೆಡೆಯ ಕಾಲದ ಆ ಸೋಂಕು ಕಣ್ಣಿನ ಮುಂಭಾಗದ ಕಾರ್ನಿಯವನ್ನು ಬೇಗನೆ ತೂತುಮಾಡಬಲ್ಲುದು. ಹುಟ್ಟಿದಾಗಲೇ ಒಳಮೂಲೆಯ ಕೆಳಗೆ ನೀಲಿಛಾಯೆಯ ಗಂಟೊಂದು ಕಂಡರೆ ಕೋಶವು ಉಬ್ಬಿರುವ ಸಂಭವವುಂಟು; ಆ ಉಬ್ಬು ಮೂಗಿನೊಳಕ್ಕೂ ಚಾಚಿಕೊಂಡರೆ, ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುವ ಎಳೆಗೂಸಿಗೆ ಉಸಿರಾಟವೇ ಕಷ್ಟವಾಗುತ್ತದೆ. ಒಳಮೂಲೆಯಲ್ಲಿ ಕೆಂಪಾದ, ಮುಟ್ಟಿದರೆ ನೋಯುವ ಬಾವು, ಜ್ವರ, ಹಾಲು ಒಲ್ಲದಿರುವಿಕೆ ಇವು ಕೋಶದೊಳಗಿನ ಸೋಂಕಿನ ಚಿಹ್ನೆಗಳು; ಆಗ ನೀವುವುದನ್ನು ಒಡನೆಯೇ ನಿಲ್ಲಿಸಬೇಕು. ನೀರು ಸುರಿಯುವುದರೊಡನೆ ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು, ಕಣ್ಣಿನ ಕಪ್ಪುಭಾಗ ಮಸುಕಾಗಿ ದೊಡ್ಡದಾಗಿ ತೋರುವುದು ಹುಟ್ಟುಗ್ಲಾಕೋಮದ ಸೂಚನೆಯಾಗಿರಬಹುದಾದುದರಿಂದ, ಅದನ್ನು ನಾಳದ ದೋಷವೆಂದು ಬಗೆದು ತಿಂಗಳುಗಟ್ಟಲೆ ಕಾಯುವುದು ದೃಷ್ಟಿಗೆ ಹಾನಿಕರ.

ಕಾಯುವಿಕೆಯ ಆಧಾರ: ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ 4792 ಶಿಶುಗಳನ್ನು ಮೊದಲ ವರ್ಷದುದ್ದಕ್ಕೂ ಗಮನಿಸಿ ಮ್ಯಾಕ್‌ಇವೆನ್ ಮತ್ತು ಯಂಗ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವರಲ್ಲೊಬ್ಬ ಶಿಶುವಿಗೆ ಕಣ್ಣೀರಿನ ಹರಿವು ಕುಂದಿದ್ದ ಲಕ್ಷಣವಿದ್ದಿತು, ಅವರಲ್ಲಿ ನೂರಕ್ಕೆ 96 ಮಂದಿಗೆ ವರ್ಷ ತುಂಬುವ ಮುನ್ನವೇ ಅದು ಗುಣವಾಯಿತು. ಈ ಅಂಕಿಗಳೇ ಇಂದಿನ ಸಂಯಮಕ್ಕೆ ಬುನಾದಿ. ಆದುದರಿಂದ ಮೇಲೆ ಹೇಳಿದ ಕೂಸಿಗೆ, ಬೇರೆ ಅಪಾಯಸೂಚನೆಗಳು ಕಾಣದಿರುವವರೆಗೂ, ಒರೆಸುವುದೂ ನೀವುವುದೂ ಅಲ್ಲದೆ ಇನ್ನೇನನ್ನೂ ವೈದ್ಯರು ಸೂಚಿಸುವುದಿಲ್ಲ. ನೆಗಡಿಯಾದಾಗ ನೀರು ಹೆಚ್ಚುವುದನ್ನು ಕಂಡು ಗಾಬರಿಗೊಳ್ಳಬೇಕಾಗಿಯೂ ಇಲ್ಲ, ಮೂಗಿನ ಒಳಪೊರೆ ಊದಿದಾಗ ಕಿರಿದಾದ ದಾರಿ ಇನ್ನಷ್ಟು ಕಿರಿದಾಗುವುದು ಸಹಜ.

ವರ್ಷ ತುಂಬಿದರೂ ನೀರು ನಿಲ್ಲದಿದ್ದರೆ, ಮಗುವಿಗೆ ಅಲ್ಪಕಾಲದ ಅರಿವಳಿಕೆ ಕೊಟ್ಟು, ಬೌಮನನ ಸಲಾಕೆಯನ್ನು ರೆಪ್ಪೆಯ ರಂಧ್ರದಿಂದ ನಾಳದುದ್ದಕ್ಕೂ ಇಳಿಸಿ ಪೊರೆಯನ್ನು ಭೇದಿಸುತ್ತಾರೆ. ಅಮೆರಿಕದ ಬಹುಕೇಂದ್ರ ಅಧ್ಯಯನವೊಂದು 2008ರಲ್ಲಿ ತಿಳಿಸಿದಂತೆ, ಆರು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳಲ್ಲಿ ಮೊದಲ ಸಲಕ್ಕೇ ಇದು ನೂರಕ್ಕೆ 78ರಷ್ಟು ಸಫಲವಾಯಿತು. ಆರು ತಿಂಗಳು ಕಳೆದ ಕೂಡಲೆ ಅರಿವಳಿಕೆಯಿಲ್ಲದೆ ಸಲಾಕೆ ಹಾಕಬೇಕೆನ್ನುವ ಪಕ್ಷವೂ ಉಂಟು. ಆದರೆ ಅದೇ ತಂಡವು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಕಣ್ಣಿನ ತೊಂದರೆಯಿದ್ದ ಆರರಿಂದ ಹತ್ತು ತಿಂಗಳೊಳಗಿನ ಶಿಶುಗಳನ್ನು ಮತ್ತಾರು ತಿಂಗಳು ಕಾಯಿಸಿದಾಗ, ಮೂರರಲ್ಲಿ ಎರಡು ಪಾಲು ಶಿಶುಗಳಿಗೆ ಸಲಾಕೆಯ ಅಗತ್ಯವೇ ಬೀಳಲಿಲ್ಲ. ಸಲಾಕೆ ವಿಫಲವಾದಲ್ಲಿ ನಾಳದೊಳಗೆ ಪುಟ್ಟ ಬಲೂನನ್ನು ಹಿಗ್ಗಿಸುವುದು, ಕೆಲಕಾಲ ಸಿಲಿಕೋನ್ ಕೊಳವೆಯನ್ನು ಇರಿಸುವುದು ಮೊದಲಾದ ಕ್ರಮಗಳಿವೆ. ಅವೂ ಸಾಲದ ವಿರಳ ಮಕ್ಕಳಿಗೆ, ಇಟಲಿಯ ಅದ್ದೆಯೊ ತೊತಿ 1904ರಲ್ಲಿ ರೂಪಿಸಿದ, ಕೋಶದಿಂದ ಮೂಗಿಗೆ ಮೂಳೆಯ ಮೂಲಕ ಹೊಸ ದಾರಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಮಾಡಲಾಗುತ್ತದೆ.