ಒಂಟಿ ಆಪ್-ಆಂಪ್ ಗೈರೇಟರ್: R1 ನಷ್ಟವೋ, ಮೂಲವೋ?

ಒಂದೇ ಆಪ್-ಆಂಪ್ ಬಳಸಿ, ಒಂದು ತುದಿ ಭೂಮಿಗೆ ಸೇರಿದ ಇಂಡಕ್ಟರನ್ನು ಅನುಕರಿಸುವ ಸರ್ಕ್ಯೂಟನ್ನು ಪಾಠದ ಟಿಪ್ಪಣಿಗಳು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ಇದು ಟೆಲಿಜೆನ್ ಅವರ ಗೈರೇಟರ್ ಎಂಬುದು ಮೊದಲನೆಯದು. L = R1·R2·C, ಅದರೊಂದಿಗೆ ಸರಣಿಯಲ್ಲಿ R1 ಎಂಬ ಸಣ್ಣ ನಷ್ಟವಿದೆ ಎಂಬುದು ಎರಡನೆಯದು. ಮೊದಲನೆಯದು ಇತಿಹಾಸದ ದೃಷ್ಟಿಯಿಂದ ಸಡಿಲ. ಎರಡನೆಯದು ಕಡಿಮೆ ಆವರ್ತನಗಳಲ್ಲಷ್ಟೇ ನಿಲ್ಲುವ ಮಾತು. ಎರಡೂ ತಪ್ಪುಗಳು ಹುಟ್ಟುವುದು ಒಂದೇ ರೆಸಿಸ್ಟರನ್ನು ತಪ್ಪಾಗಿ ಓದುವುದರಿಂದ.

ಫಿಲಿಪ್ಸ್ ಸಂಸ್ಥೆಯ ಬರ್ನಾರ್ಡ್ ಟೆಲಿಜೆನ್ 1948ರಲ್ಲಿ ಮಂಡಿಸಿದ ಗೈರೇಟರ್ ಎರಡು ದ್ವಾರಗಳ ಆದರ್ಶ ಘಟಕ. ಒಂದು ದ್ವಾರದ ವೋಲ್ಟೇಜ್ ಇನ್ನೊಂದರ ವಿದ್ಯುತ್ಪ್ರವಾಹವನ್ನು ಅನುಸರಿಸುತ್ತದೆ. ಒಟ್ಟು ಶಕ್ತಿಯಲ್ಲಿ ಏನೂ ಕಳೆದುಹೋಗುವುದಿಲ್ಲ. ಅದರ ಒಂದು ದ್ವಾರಕ್ಕೆ ಕೆಪಾಸಿಟರ್ ಕಟ್ಟಿದರೆ ಇನ್ನೊಂದರಲ್ಲಿ ಶುದ್ಧ ಇಂಡಕ್ಟರ್ ಕಾಣುತ್ತದೆ. ಈ ನಷ್ಟರಾಹಿತ್ಯ ಅವರ ಲೇಖನದ ವ್ಯಾಖ್ಯೆಯಲ್ಲೇ ಇದೆ. ಗೈರೇಟರ್ ಎಂಬ ಹೆಸರನ್ನು ಧಾರಾಳವಾಗಿ ಹಂಚುವವರು ಮೂಲ ಲೇಖನದ ಈ ಷರತ್ತನ್ನು ಗಮನಿಸಿದಂತೆ ಕಾಣುವುದಿಲ್ಲ.

ಈಗ ನಮ್ಮ ಸರ್ಕ್ಯೂಟ್. ಒಳದ್ವಾರದಿಂದ C ಮೂಲಕ ಆಪ್-ಆಂಪ್‌ನ ಧನ ಒಳತುದಿಗೆ ಹೋಗಬೇಕು. ಅಲ್ಲಿಂದ R2 ಭೂಮಿಗೆ. ಆಪ್-ಆಂಪ್ ಫಾಲೋವರ್ ಆಗಿ ನಿಂತಿದೆ. ಅದರ ಹೊರತುದಿಯಿಂದ R1 ಒಳದ್ವಾರಕ್ಕೆ ಮರಳುತ್ತದೆ. ಆಪ್-ಆಂಪ್ ಆದರ್ಶವೆಂದಿಟ್ಟುಕೊಂಡು ಲೆಕ್ಕ ಹಾಕಿದರೆ ಸಿಗುವ ಇಂಪೀಡೆನ್ಸ್ ಇದು:

```
Z = R1 (1 + s C R2) / (1 + s C R1)
```

ಅಂಶದಲ್ಲಿ ಇಂಡಕ್ಟರ್ ಇದೆ, ಸರಿ. ಆದರೆ ಟಿಪ್ಪಣಿಗಳು ಛೇದವನ್ನು ಸದ್ದಿಲ್ಲದೆ 1 ಎಂದು ಮಾಡಿಬಿಡುತ್ತವೆ. ನಿಖರವಾದ ಸಮಾನ ಸರ್ಕ್ಯೂಟಿನಲ್ಲಿ ಎರಡು ಕವಲುಗಳಿವೆ: ಒಂದು R1 ಮತ್ತು L ಸರಣಿ; ಅದಕ್ಕೆ ಸಮಾಂತರವಾಗಿ R2 ಮತ್ತು C ಸರಣಿ. ಎರಡನೆಯ ಕವಲನ್ನು ಚಿತ್ರದಿಂದ ಬಿಟ್ಟರೆ ಏನಾಗುತ್ತದೆ?

R1 = 100 ಓಮ್, R2 = 100 ಕಿಲೋಓಮ್, C = 10 ನ್ಯಾನೋಫ್ಯಾರಡ್ ಇರಲಿ. L = 0.1 ಹೆನ್ರಿ. 1 ಕಿಲೋಹರ್ಟ್ಸ್‌ನಲ್ಲಿ ಸರಳ ಚಿತ್ರ ಹೇಳುವ Q ಸುಮಾರು 6.3, ನಿಜವಾದದ್ದು 6.0. ವ್ಯತ್ಯಾಸ ಅಲ್ಪ, ತಪ್ಪು ಇಷ್ಟು ಕಾಲ ಉಳಿದಿರುವುದೂ ಬಹುಶಃ ಇದರಿಂದಲೇ. 5 ಕಿಲೋಹರ್ಟ್ಸ್‌ನಲ್ಲಿ ಸರಳ ಚಿತ್ರ 31 ಎನ್ನುತ್ತದೆ, ನಿಜ 16ರ ಹತ್ತಿರ. 50 ಕಿಲೋಹರ್ಟ್ಸ್‌ನಲ್ಲಿ ಅದು 314 ಎಂದರೆ ನಿಜ ಬರೀ 3. ಅಂದರೆ Q ಏರುತ್ತಲೇ ಹೋಗುವುದಿಲ್ಲ. 1/(2πC√(R1·R2)) ಆವರ್ತನದಲ್ಲಿ, ಇಲ್ಲಿ ಸುಮಾರು 5 ಕಿಲೋಹರ್ಟ್ಸ್‌ನಲ್ಲಿ, ಶಿಖರ ಮುಟ್ಟಿ ಇಳಿಯುತ್ತದೆ. ಆ ಶಿಖರದ ಎತ್ತರ ಸುಮಾರು ½√(R2/R1).

R1 ಅನ್ನು ತಂತಿಯ ರೋಧವೆಂದು ಓದುವವರಿಗೆ ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ತಾಮ್ರದ ಸುರುಳಿಯಲ್ಲಿ ದಪ್ಪ ತಂತಿ ಸುತ್ತಿದರೆ ರೋಧ ಇಳಿಯುತ್ತದೆ, L ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಇಲ್ಲಿ R1 ಅರ್ಧವಾದರೆ L ಕೂಡ ಅರ್ಧವಾಗುತ್ತದೆ. L/R1 ಎಂದಿಗೂ C·R2 ಮಾತ್ರ. R1 ಶೂನ್ಯವಾದರೆ ಇಂಡಕ್ಟರೇ ಇಲ್ಲ. ನಷ್ಟವನ್ನು ಹುಟ್ಟಿಸುವ ಭಾಗವೇ ಇಂಡಕ್ಟನ್ಸನ್ನೂ ಹುಟ್ಟಿಸುತ್ತಿರುವಾಗ ಇದನ್ನು ಟೆಲಿಜೆನ್ ಅವರ ಘಟಕವೆಂದು ಕರೆಯುವುದು ಸರಿಯಲ್ಲ. ಆ ಘಟಕಕ್ಕೆ ನಿಷ್ಠವಾದದ್ದು ಆಂಟೊನಿಯು 1969ರಲ್ಲಿ ಪ್ರಕಟಿಸಿದ ಎರಡು ಆಪ್-ಆಂಪ್‌ಗಳ ರಚನೆ. ಆದರ್ಶ ಸ್ಥಿತಿಯಲ್ಲಿ ಅದಕ್ಕೆ ಸರಣಿ ನಷ್ಟವಿಲ್ಲ. (ಒಂದು ಆಪ್-ಆಂಪ್ ಉಳಿಯುತ್ತದೆ ಎಂಬ ವಾದವನ್ನು ಆಡಿಯೋ ಈಕ್ವಲೈಸರ್‌ಗೆ ಒಪ್ಪುತ್ತೇನೆ, ಕಡಿದಾದ ಫಿಲ್ಟರ್‌ಗೆ ಒಪ್ಪಲಾರೆ.)

ಇದುವರೆಗೆ ಆಪ್-ಆಂಪ್ ಆದರ್ಶವೆಂದುಕೊಂಡೆವು. ನಿಜವಾದ ಫಾಲೋವರ್ ಕೊಂಚ ತಡವಾಗಿ ಹಿಂಬಾಲಿಸುತ್ತದೆ. ಆ ತಡ, L ಕವಲಿಗೆ ಸಮಾಂತರವಾಗಿ 1/(2π·ft·R1) ಬೆಲೆಯ ಕೆಪಾಸಿಟರ್ ಇಟ್ಟಂತೆ. ಇಲ್ಲಿ ft ಎಂದರೆ ಗೇನ್-ಬ್ಯಾಂಡ್‌ವಿಡ್ತ್. 1 ಮೆಗಾಹರ್ಟ್ಸ್‌ನ 741 ಬಳಸಿದರೆ ಅದು ಸುಮಾರು 1.6 ನ್ಯಾನೋಫ್ಯಾರಡ್, 0.1 ಹೆನ್ರಿಯೊಂದಿಗೆ 12.6 ಕಿಲೋಹರ್ಟ್ಸ್‌ನಲ್ಲೇ ಅನುರಣಿಸುತ್ತದೆ. ಅದಕ್ಕೂ ಮೇಲೆ ದ್ವಾರ ಕೆಪಾಸಿಟರಿನಂತೆ ವರ್ತಿಸುತ್ತದೆ: ಆವರ್ತನ ಏರಿಸುತ್ತಾ ಹೋದರೆ ವೋಲ್ಟೇಜ್ ಪ್ರವಾಹಕ್ಕಿಂತ ಮುಂದಿದ್ದದ್ದು ಹಿಂದೆ ಸರಿಯುವುದು ಆಸಿಲೋಸ್ಕೋಪಿನಲ್ಲಿ ಕಾಣುತ್ತದೆ. ಮೇಲೆ ಹೇಳಿದ 50 ಕಿಲೋಹರ್ಟ್ಸ್‌ನಲ್ಲಿ 741 ಹಾಕಿದರೆ ಇಂಡಕ್ಟರ್ ಎಂಬ ಮಾತೇ ಸಲ್ಲದು. ಹತ್ತು ಪಟ್ಟು ವೇಗದ ಆಪ್-ಆಂಪ್ ತಂದರೂ ಈ ಮಿತಿ √10 ಪಟ್ಟು ಮಾತ್ರ ಮೇಲೇರುತ್ತದೆ, ಏಕೆಂದರೆ ಅದು ft ಮತ್ತು 1/(2πC·R2) ಎರಡರ ಗುಣಲಬ್ಧದ ವರ್ಗಮೂಲ.

ಕೊನೆಯ ಮಿತಿ ವೋಲ್ಟೇಜಿನದು. ಇದೇ ಇಂಡಕ್ಟರಿಗೆ ಸರಣಿಯಲ್ಲಿ 0.25 ಮೈಕ್ರೋಫ್ಯಾರಡ್ ಸೇರಿಸಿದರೆ 1 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಅನುರಣನೆ. 2 ವೋಲ್ಟ್ ಶಿಖರದ ಸಂಕೇತ ಕೊಟ್ಟಾಗ ಸುಮಾರು 20 ಮಿಲಿಆಂಪ್ ಹರಿದು, ದ್ವಾರದಲ್ಲಿ 12 ವೋಲ್ಟ್ ಏಳಬೇಕು. ಆ ಪ್ರವಾಹವೆಲ್ಲ R1 ದಾಟಿ ಆಪ್-ಆಂಪ್‌ನ ಹೊರತುದಿಯೊಳಗೇ ಹೋಗಬೇಕು. 741 ಅದನ್ನು ಕಷ್ಟಪಟ್ಟು ಹೊರುತ್ತದೆ. 3 ವೋಲ್ಟ್‌ಗೆ ಏರಿಸಿದರೆ ಬೇಕಾಗುವುದು 18 ವೋಲ್ಟ್. ±15 ವೋಲ್ಟ್ ಪೂರೈಕೆಯಲ್ಲಿ ಹೊರತುದಿ ಅಲ್ಲಿಗೆ ತಲುಪಲಾರದು, ಅಲೆಯ ತಲೆ ಚಪ್ಪಟೆಯಾಗುತ್ತದೆ.