ಸವೆದ ಮೌಸ್ ಗುಂಡಿಯ ಜೋಡಿ ಕ್ಲಿಕ್: ಸಂಪರ್ಕ ತಪ್ಪುವುದು ಯಾವ ಗಳಿಗೆಯಲ್ಲಿ?

ಮೌಸಿನ ಗುಂಡಿಯ ಕೆಳಗಿರುವ ಮೈಕ್ರೋಸ್ವಿಚ್ಚಿನಲ್ಲಿ ತೆಳುವಾದ, ಬಾಗಿದ ಲೋಹದ ಪಟ್ಟಿಯೊಂದಿದೆ. ಬೆರಳಿನ ಒತ್ತಡಕ್ಕೆ ಅದು ಥಟ್ಟನೆ ಮಗುಚಿ ಕೆಳಗಿನ ಸಂಪರ್ಕಬಿಂದುವಿಗೆ ತಾಗುತ್ತದೆ. ತಾಗಿದೊಡನೆ ನೆಲೆ ನಿಲ್ಲುವುದಿಲ್ಲ. ಕೆಲವು ಕ್ಷಣ ಪುಟಿಯುತ್ತದೆ. ಈ ಪುಟಿತ ಹೊಸ ಸ್ವಿಚ್ಚಿನಲ್ಲೂ ಇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಂತೆ ಫರ್ಮ್‌ವೇರ್ ಕೆಲವು ಮಿಲಿಸೆಕೆಂಡು ಕಾಯುವುದೇ ಡಿಬೌನ್ಸ್.

ಸವೆದ ಸ್ವಿಚ್ಚಿನ ಕಾಯಿಲೆ ಇಷ್ಟೇ ಅಲ್ಲ. ಪಟ್ಟಿಯ ಬಿಗಿ ಸಡಿಲಾದಂತೆ ಸಂಪರ್ಕದ ಒತ್ತಡ ಇಳಿಯುತ್ತದೆ, ಬಿಂದುವಿನ ಮೇಲೆ ಕಿಲುಬಿನ ಪೊರೆಯೂ ಕಟ್ಟುತ್ತದೆ. ಹೆಚ್ಚು ವಿದ್ಯುತ್ ಹರಿದರೆ ಆ ಪೊರೆ ಸುಟ್ಟುಹೋದೀತು. ಮೌಸಿನಲ್ಲಿ ಹರಿಯುವುದು ತೀರ ಅಲ್ಪ. ಹೀಗಾಗಿ ಗುಂಡಿಯನ್ನು ಒತ್ತಿ ಹಿಡಿದಿರುವಾಗಲೇ ಸಂಪರ್ಕ ಕಡಿದು ಮತ್ತೆ ಕೂಡುತ್ತದೆ. ಕಂಪ್ಯೂಟರಿಗೆ ಅದು ಬಿಟ್ಟು ಒತ್ತಿದಂತೆ ಕಾಣುತ್ತದೆ.

ನನ್ನ ಮೇಜಿನ ಮೌಸಿನ ಎಡಗುಂಡಿಯನ್ನು ಒಮ್ಮೆ ಮಾತ್ರ ಒತ್ತಿ, ಲಿನಕ್ಸಿನ `evtest` ಆದೇಶದಿಂದ ಬರೆದುಕೊಂಡದ್ದು ಇದು (ಮೊದಲ ಅಂಕಣ ಸೆಕೆಂಡು, 1 ಎಂದರೆ ಒತ್ತಿದ್ದು, 0 ಬಿಟ್ಟದ್ದು):

```
0.000  BTN_LEFT  1
0.096  BTN_LEFT  0
0.104  BTN_LEFT  1
0.192  BTN_LEFT  0
```

ನಡುವಿನ ಅಂತರ 8 ಮಿಲಿಸೆಕೆಂಡು. ಬೆರಳೆತ್ತಿ ಮತ್ತೆ ಒತ್ತಲು ಅಷ್ಟರಲ್ಲಿ ಯಾರಿಂದಲೂ ಆಗದು. ಸೆಕೆಂಡಿಗೆ 125 ಬಾರಿ ವರದಿ ಮಾಡುವ ಮೌಸ್ ಇದಾದ್ದರಿಂದ ಇದಕ್ಕಿಂತ ಸಣ್ಣ ಅಂತರ ಕಾಣಿಸುವುದೇ ಇಲ್ಲ. ಒತ್ತಿ 96 ಮಿಲಿಸೆಕೆಂಡಾದ ಮೇಲೆ ಸಂಪರ್ಕ ತಪ್ಪಿದೆ. ಆರಂಭದ ಪುಟಿತ ಆ ಹೊತ್ತಿಗೆ ಎಂದೋ ಮುಗಿದಿರುತ್ತದೆ. ಒತ್ತಿದ ತಕ್ಷಣದ ಪುಟಿತವನ್ನಷ್ಟೇ ಸೋಸುವ ಡಿಬೌನ್ಸ್ ಇಲ್ಲಿ ಕೈಕೊಡುತ್ತದೆ. ಗುಂಡಿ ಬಿಟ್ಟ ಸುದ್ದಿಯನ್ನು ತುಸು ತಡೆದಿಡುವ ಸೋಸುವಿಕೆ ಬೇಕು. ಲಿನಕ್ಸಿನ `libinput` ಇಂಥ ತಪ್ಪು ಬಿಡುಗಡೆಯನ್ನು ಒಮ್ಮೆ ಗುರುತಿಸಿದರೆ, ಮುಂದೆ ಪ್ರತಿ ಬಿಡುಗಡೆಯನ್ನೂ 12 ಮಿಲಿಸೆಕೆಂಡು ತಡೆದು ನೋಡುತ್ತದೆ. ಮೇಲಿನ 8 ಅದರೊಳಗೆ ಅಡಗಿತು.

ಕೆಲವು ವಾರಗಳಲ್ಲಿ ಅಂತರ 32ಕ್ಕೆ ಏರಿತು, ಕಡತ ಎಳೆಯುವಾಗ ನಡುದಾರಿಯಲ್ಲಿ ಬಿದ್ದುಹೋಗತೊಡಗಿತು. ಡಿಬೌನ್ಸ್ ಅವಧಿಯನ್ನು 40ಕ್ಕೆ ಹಿಗ್ಗಿಸಬಹುದಿತ್ತು. ಆದರೆ ಪ್ರತಿ ಬಿಡುಗಡೆಯೂ ಅಷ್ಟು ತಡವಾಗುತ್ತದೆ, ಸವೆತವಂತೂ ನಿಲ್ಲದು. ಬೆಳೆಯುತ್ತಿರುವ ಅಂತರದ ಬೆನ್ನು ಹತ್ತುವುದಕ್ಕಿಂತ ಸ್ವಿಚ್ ಬದಲಿಸುವುದೇ ಸರಿ ಎಂಬುದು ನನ್ನ ನಿಲುವು.

ತಿರುಪುಗಳು ಸಾಮಾನ್ಯವಾಗಿ ತಳದ ಜಾರುಪಟ್ಟಿಗಳಡಿ ಇರುತ್ತವೆ. ಸ್ವಿಚ್ಚಿಗೆ ಮೂರು ಕಾಲು. ಹಳೆಯ ಬೆಸುಗೆಗೆ ಫ್ಲಕ್ಸ್ ಸವರಿ, ಹೊಸ ಬೆಸುಗೆ ತುಸು ಬೆರೆಸಿದರೆ ಸುಲಭವಾಗಿ ಕರಗುತ್ತದೆ. ಮೂರೂ ಸಡಿಲಾಗುವ ಮುನ್ನ ಎಳೆದರೆ ಬೋರ್ಡಿನ ತಾಮ್ರ ಕಿತ್ತುಬರುತ್ತದೆ. ಹೊಸ ಸ್ವಿಚ್ಚಿನ ಮೇಲಿನ ಪುಟ್ಟ ಗುಬುಟು ಹಳೆಯದರಂತೆ ಅದೇ ತುದಿಗಿರಬೇಕು. ತಿರುಗಿ ಕೂತರೆ ಗುಂಡಿ ಅದನ್ನು ಮುಟ್ಟುವುದೇ ಇಲ್ಲ.

ಬದಲಿಸಿದ ಬಳಿಕ ಗುಂಡಿಯನ್ನು ಅರ್ಧ ನಿಮಿಷ ಹಗುರವಾಗಿ ಒತ್ತಿ ಹಿಡಿದು ಮೌಸನ್ನು ಅತ್ತಿತ್ತ ಆಡಿಸಿದೆ. `BTN_LEFT` ಸಾಲುಗಳು ಎರಡೇ ಬಂದವು: ಒತ್ತಿದಾಗ ಒಂದು, ಬಿಟ್ಟಾಗ ಒಂದು.