ವಿಮರ್ಶಾತ್ಮಕ ಮೌಲ್ಯಮಾಪನದ ಪ್ರಶ್ನೆ (ಪರೀಕ್ಷೆ)

ಒಂದು ಕಾಯ್ದೆ, ಯೋಜನೆ, ಸಿದ್ಧಾಂತ ಅಥವಾ ಹೇಳಿಕೆಯ ಬಲ ಮತ್ತು ಕೊರತೆಗಳನ್ನು ತೂಗಿ, ಕೊನೆಗೆ ಅಭ್ಯರ್ಥಿ ತನ್ನದೇ ತೀರ್ಪು ಕೊಡಬೇಕಾದ ವಿವರಣಾತ್ಮಕ ಪ್ರಶ್ನೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಇದು ಮೇಲಿಂದ ಮೇಲೆ ಬರುತ್ತದೆ. ಆ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಗಳನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಅಚ್ಚಾಗಿರುತ್ತವೆ. ಹೀಗಾಗಿ ಕನ್ನಡ ಮಾಧ್ಯಮದ ಅಭ್ಯರ್ಥಿ ‘ಕ್ರಿಟಿಕಲಿ ಇವ್ಯಾಲ್ಯುಯೇಟ್’ ಎಂದು ಓದಿ, ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಳ್ಳಬೇಕಾಗುತ್ತದೆ. ಮೊದಲ ತಪ್ಪು ಆಗುವುದು ಅಲ್ಲಿಯೇ. ‘ಕ್ರಿಟಿಕಲಿ’ ಎಂದೊಡನೆ ‘ಟೀಕೆ’ ಎಂಬ ಪದ ನೆನಪಾಗಿ, ಉತ್ತರವೆಲ್ಲ ದೋಷಗಳ ಪಟ್ಟಿಯಾಗಿಬಿಡುತ್ತದೆ. ಪ್ರಶ್ನೆ ಕೇಳುತ್ತಿರುವುದು ಬೆಲೆ ಕಟ್ಟುವುದನ್ನು, ಹಳಿಯುವುದನ್ನಲ್ಲ.

‘ವಿವರಿಸಿ’ ಎಂದರೆ ವಿಷಯ ಹೇಳಿದರೆ ಸಾಕು. ‘ಚರ್ಚಿಸಿ’ ಎಂದರೆ ಹಲವು ಮಗ್ಗುಲುಗಳನ್ನು ಮುಂದಿಟ್ಟು, ಕೊನೆಯಲ್ಲಿ ಮೃದುವಾದ ಅಭಿಪ್ರಾಯದೊಂದಿಗೆ ನಿಲ್ಲಿಸಬಹುದು. ಮೌಲ್ಯಮಾಪನದಲ್ಲಿ ಇಷ್ಟು ಸಾಲದು, ಅಳೆಯುವ ಕೋಲು ಯಾವುದೆಂದು ಹೇಳಲೇಬೇಕು. ಒಂದು ಕಾಯ್ದೆ ಒಳ್ಳೆಯದೇ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ಗುರಿಗೆ ಹೋಲಿಸಿದರೆ ಒಳ್ಳೆಯದು ಎಂಬುದಕ್ಕೆ ಇದೆ. ಬಲವನ್ನು ಒಂದು ಕೋಲಿನಿಂದಲೂ ಕೊರತೆಯನ್ನು ಇನ್ನೊಂದರಿಂದಲೂ ಅಳೆದ ಉತ್ತರದಲ್ಲಿ ಎರಡೂ ಭಾಗಗಳು ಒಂದನ್ನೊಂದು ಮುಟ್ಟುವುದಿಲ್ಲ, ತೀರ್ಪು ಎಲ್ಲಿಂದಲೋ ಬಂದು ಅಂಟಿಕೊಂಡಂತೆ ಕಾಣುತ್ತದೆ.

ಉದಾಹರಣೆಗೆ ಹೀಗೊಂದು ಪ್ರಶ್ನೆ ಇಟ್ಟುಕೊಳ್ಳೋಣ: ‘ಕರ್ನಾಟಕದ 1974ರ ಭೂಸುಧಾರಣೆಯನ್ನು ವಿಮರ್ಶಾತ್ಮಕವಾಗಿ ಮೌಲ್ಯಮಾಪನ ಮಾಡಿ’, 15 ಅಂಕ, 250 ಪದ. ಹೆಚ್ಚಿನವರು ಬರೆಯುವ ಉತ್ತರವನ್ನು ಊಹಿಸುವುದು ಕಷ್ಟವಲ್ಲ. ಪೀಠಿಕೆಯಲ್ಲಿ 1951ರ ಕಾಗೋಡು ಸತ್ಯಾಗ್ರಹ, ಆಮೇಲೆ ದೇವರಾಜ ಅರಸರ ಗುಣಗಾನ, ನಂತರ ಐದು ಸಾಧನೆ, ಐದು ವೈಫಲ್ಯ, ಕೊನೆಗೆ ‘ಒಟ್ಟಿನಲ್ಲಿ ಮಿಶ್ರ ಫಲಿತಾಂಶ ಕಂಡಿತು’ ಎಂಬ ಸಾಲು. ಇದರಲ್ಲಿ ತಪ್ಪು ಮಾಹಿತಿ ಇಲ್ಲದಿರಬಹುದು, ಆದರೆ ಮೌಲ್ಯಮಾಪನವೂ ಇಲ್ಲ. ಕೊನೆಯ ಸಾಲನ್ನು ಹಸಿರು ಕ್ರಾಂತಿಯ ಉತ್ತರಕ್ಕೆ ಸಾಗಿಸಿದರೂ ಅದು ಹಾಗೇ ಹೊಂದಿಕೊಳ್ಳುತ್ತದೆ. ತೀರ್ಪು ಟೊಳ್ಳೋ ಗಟ್ಟಿಯೋ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭವಾದ ದಾರಿಯಿಲ್ಲ.

ಬಲ್ಲವರು ಮೊದಲು ಕೋಲನ್ನು ಆರಿಸಿಕೊಳ್ಳುತ್ತಾರೆ. ಇಲ್ಲಿ ಅದು ಕಾಯ್ದೆಯ ಹಿಂದಿದ್ದ ಘೋಷಣೆಯಲ್ಲೇ ಇದೆ: ಉಳುವವನೇ ಹೊಲದೊಡೆಯ. ಹೊಲದಲ್ಲಿ ದುಡಿಯುತ್ತಿದ್ದವನಿಗೆ ಹೊಲ ಸಿಕ್ಕಿತೇ ಎಂಬುದೊಂದೇ ಅಳತೆ. ಈ ಅಳತೆಯಲ್ಲಿ ಕಾಯ್ದೆಯ ಬಲ ದೊಡ್ಡದು. 1961ರ ಮೂಲ ಕಾಯ್ದೆ ‘ಸ್ವಂತ ಸಾಗುವಳಿ’ಯ ಹೆಸರಿನಲ್ಲಿ ಗೇಣಿದಾರನಿಂದ ಜಮೀನು ಹಿಂಪಡೆಯಲು ಒಡೆಯರಿಗೆ ದಾರಿ ಬಿಟ್ಟಿತ್ತು. 1974ರ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದುಮಾಡಿತು. ಗೇಣಿಗೆ ಕೊಟ್ಟ ಭೂಮಿ 1974ರ ಮಾರ್ಚ್ 1ರಂದು ಸರ್ಕಾರದಲ್ಲಿ ನಿಹಿತವಾಯಿತು. ಗೇಣಿದಾರ ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿದರೆ, ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ಭೂನ್ಯಾಯ ಮಂಡಳಿ ಅದನ್ನು ತೀರ್ಮಾನಿಸುತ್ತಿತ್ತು. ಮಂಡಳಿಯಲ್ಲಿ ಅಧಿಕಾರಿಗಳಲ್ಲದ ಸದಸ್ಯರಿದ್ದರು, ವಕೀಲರಿಗೆ ಪ್ರವೇಶವಿರಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಲು ಹಣವಿಲ್ಲದವನಿಗೆ ಇದು ಎಷ್ಟು ಮುಖ್ಯವೆಂದು ಒಂದೇ ವಾಕ್ಯದಲ್ಲಿ ಹೇಳಿದರೆ, ಆ ಭಾಗ ವರ್ಣನೆಯಿಂದ ಮೌಲ್ಯಮಾಪನಕ್ಕೆ ತಿರುಗುತ್ತದೆ.

ಕೊರತೆಯನ್ನೂ ಅದೇ ಕೋಲಿನಿಂದ ಅಳೆಯಬೇಕು. ಬಾಯಿಮಾತಿನ ಗೇಣಿಯಲ್ಲಿದ್ದು ಪಹಣಿಯಲ್ಲಿ ಹೆಸರಿಲ್ಲದವನಿಗೆ ಹಕ್ಕು ಸಾಬೀತುಪಡಿಸುವುದು ಕಷ್ಟವಾಯಿತು. ಕೂಲಿಯಾಳು ಉಳುತ್ತಿದ್ದರೂ ಗೇಣಿದಾರನಲ್ಲ. ಅವನು ಈ ದಾರಿಯಿಂದ ಪೂರ್ತಿ ಹೊರಗುಳಿದ. ಅವನಿಗೆ ಭೂಮಿ ಸಿಗಬೇಕಿದ್ದದ್ದು ಗರಿಷ್ಠ ಮಿತಿ ಮೀರಿದ ಹೆಚ್ಚುವರಿ ಜಮೀನಿನಿಂದ. ಆದರೆ ಮಿತಿಯೇ ಸಡಿಲವಾಗಿತ್ತು: ಕೊನೆಯ ದರ್ಜೆಯ ಒಣಭೂಮಿಯಾದರೆ ಐದು ಜನರ ಕುಟುಂಬವೂ 54 ಎಕರೆವರೆಗೆ ಇಟ್ಟುಕೊಳ್ಳಬಹುದಿತ್ತು. ಇನ್ನೊಂದು ಆಕ್ಷೇಪವೂ ಸಾಮಾನ್ಯವಾಗಿ ಬರುತ್ತದೆ: ನಾಲ್ಕೈದು ಎಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ಭೂಮಿ ಕಳೆದುಕೊಂಡರು ಎಂಬುದು. ಅದು ನಿಜವಾದ ನೋವು. ಆದರೆ ಆರಿಸಿಕೊಂಡ ಕೋಲಿಗೆ ಅದು ಸಿಗುವುದಿಲ್ಲ, ನ್ಯಾಯ ಎಂಬ ಬೇರೆ ಕೋಲು ಬೇಕು. 250 ಪದಗಳಲ್ಲಿ ಅದಕ್ಕೆ ಅರ್ಧ ವಾಕ್ಯ ಕೊಡಬಹುದು, ಇಲ್ಲವೇ ಬಿಡಬಹುದು. ಏನನ್ನು ಬಿಡಬೇಕೆಂಬ ಈ ನಿರ್ಧಾರವನ್ನು ಪರೀಕ್ಷಾ ಕೊಠಡಿಯಲ್ಲಿ ಹೆಚ್ಚಿನವರು ಮಾಡುವುದೇ ಇಲ್ಲ.

ಈಗ ತೀರ್ಪು. ಬಲಗಳನ್ನೂ ಕೊರತೆಗಳನ್ನೂ ಎಣಿಸಿ ಕೂಡಿ ಕಳೆದರೆ ತೀರ್ಪು ಬರುವುದಿಲ್ಲ. ಎರಡನ್ನೂ ಒಟ್ಟಿಗೆ ವಿವರಿಸುವ ಕಾರಣ ಕಂಡರೆ ಅದು ತಾನಾಗಿ ಮೂಡುತ್ತದೆ. ಇಲ್ಲಿ ಆ ಕಾರಣ ಒಂದೇ: ಕಾಯ್ದೆ ಕೈ ಹಾಕಿದ್ದು ಗೇಣಿ ಸಂಬಂಧಕ್ಕೆ, ಭೂಹೀನತೆಗೆ ಅಲ್ಲ. ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಗೇಣಿ ವ್ಯಾಪಕವಾಗಿತ್ತು, ಅಲ್ಲಿ ಕಾಯ್ದೆ ಊರಿನ ಚಹರೆಯನ್ನೇ ಬದಲಿಸಿತು. ಗೇಣಿ ಕಡಿಮೆಯಿದ್ದು ಕೂಲಿ ಹೆಚ್ಚಿದ್ದ ಬಯಲುಸೀಮೆಯ ಹಳ್ಳಿಗಳಲ್ಲಿ ಹಿಡಿಯಲು ಅದಕ್ಕೆ ಹೆಚ್ಚೇನೂ ಇರಲಿಲ್ಲ. ಹಾಗಾಗಿ ತೀರ್ಪು ಹೀಗಿರಬಹುದು: ‘ಗೇಣಿದಾರನನ್ನು ಒಡೆಯನನ್ನಾಗಿಸುವಲ್ಲಿ 1974ರ ಸುಧಾರಣೆ ಗೆದ್ದಿತು, ಉಳುವವನನ್ನೆಲ್ಲ ಒಡೆಯನನ್ನಾಗಿಸುವ ಮಾತನ್ನು ಗೇಣಿ ಇದ್ದ ಕಡೆ ಮಾತ್ರ ಉಳಿಸಿಕೊಂಡಿತು.’ ಇದನ್ನು ಬೇರೆ ಯಾವ ಉತ್ತರಕ್ಕೂ ಸಾಗಿಸಲಾಗದು. ಒಪ್ಪದ ಪರೀಕ್ಷಕನಿಗೂ ಇದು ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಇದನ್ನೆಲ್ಲ ಎಷ್ಟು ಹೊತ್ತಿನಲ್ಲಿ ಮಾಡಬೇಕು? ಪತ್ರಿಕೆಗೆ ಮೂರು ಗಂಟೆ, 250 ಅಂಕ, 20 ಪ್ರಶ್ನೆ. ಲೆಕ್ಕ ಹಾಕಿದರೆ 15 ಅಂಕದ ಪ್ರಶ್ನೆಗೆ 11 ನಿಮಿಷವೂ ಪೂರ್ತಿ ಸಿಗದು, 10 ಅಂಕದ್ದಕ್ಕೆ ಏಳು ನಿಮಿಷ ಚಿಲ್ಲರೆ. ಮೊದಲ ಒಂದೂವರೆ ಎರಡು ನಿಮಿಷ ಪೆನ್ನು ಉತ್ತರಕ್ಕೆ ಇಳಿಯಬಾರದು. ಆ ಹೊತ್ತಿನಲ್ಲಿ ಮೂರೇ ಸಂಗತಿಗಳನ್ನು ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳಬೇಕು: ಕೋಲು, ತೀರ್ಪು, ತೀರ್ಪಿಗೆ ಬೇಕಾದ ಎರಡೆರಡು ಅಂಶ. ತೀರ್ಪು ಬರುವುದು ಉತ್ತರದ ಕೊನೆಯಲ್ಲಾದರೂ ಹುಟ್ಟಬೇಕಾದದ್ದು ಮೊದಲಲ್ಲೇ. ಬರೆಯುತ್ತಾ ಹೋದರೆ ಹೊಳೆಯುತ್ತದೆ ಎಂದು ಕಾದವರಿಗೆ ಹತ್ತನೆಯ ನಿಮಿಷದಲ್ಲಿ ಹೊಳೆಯುವುದು ‘ಮಿಶ್ರ ಫಲಿತಾಂಶ’ ಮಾತ್ರ. 10 ಅಂಕದ ಪ್ರಶ್ನೆಯಲ್ಲಿ ಕೋಲು ಬೇರೆಯದಾಗುವುದಿಲ್ಲ, ಅಂಶಗಳು ಒಂದೊಂದಕ್ಕೆ ಇಳಿಯುತ್ತವೆ, ಪೀಠಿಕೆ ಒಂದು ವಾಕ್ಯಕ್ಕೆ.

ಕನ್ನಡದಲ್ಲಿ ಬರೆಯುವವರಿಗೆ ಪದಮಿತಿಯ ವಿಷಯದಲ್ಲಿ ಒಂದು ವಿಶೇಷವಿದೆ. ‘ಗೇಣಿದಾರರಲ್ಲದವರಿಗೂ’ ಎಂಬುದು ನಮಗೆ ಒಂದೇ ಪದ, ಇಂಗ್ಲಿಷಿನಲ್ಲಿ ನಾಲ್ಕೈದು. ವಿಭಕ್ತಿ, ಸಂಧಿ, ಸಮಾಸಗಳು ಹೀಗೆ ಉಳಿಸಿಕೊಡುವುದರಿಂದ 250 ಕನ್ನಡ ಪದಗಳಲ್ಲಿ ಹೆಚ್ಚು ವಿಷಯ ಹಿಡಿಸುತ್ತದೆ. ಆದರೆ ಗಡಿಯಾರಕ್ಕೆ ಪದಗಳ ಲೆಕ್ಕ ಗೊತ್ತಿಲ್ಲ. ಒತ್ತಕ್ಷರ, ದೀರ್ಘಗಳ ಉದ್ದನೆಯ ಪದ ಬರೆಯಲು ಕೈಗೆ ಹೆಚ್ಚು ಹೊತ್ತು ಬೇಕು. ಪದಮಿತಿ ಮುಗಿಯುವ ಮೊದಲೇ ಸಮಯ ಮುಗಿಯುವುದರಿಂದ, ಕನ್ನಡದ ಅಭ್ಯರ್ಥಿ 250ನ್ನು ಮುಟ್ಟಲು ಹೋಗದೆ 180–200 ಪದಗಳ ಉತ್ತರವನ್ನು ಯೋಜಿಸಿಕೊಳ್ಳುವುದು ಲೇಸು.

ಈ ವಿಧಾನಕ್ಕೊಂದು ಮಿತಿಯೂ ಇದೆ. ವಿಷಯ ಅರೆಬರೆ ಗೊತ್ತಿದ್ದಾಗ ಒಂದೇ ಕೋಲಿಗೆ ಕಟ್ಟುಬೀಳುವುದು ಅಪಾಯ: ಆ ಅಳತೆಯಲ್ಲಿ ಕೊರತೆಯೇ ನೆನಪಾಗದಿದ್ದರೆ ಉತ್ತರ ಭಾಷಣವಾಗುತ್ತದೆ. ಆಗ ಗುರಿಯನ್ನು ಬಿಟ್ಟು, ಜಾರಿಯಾದ ಬಗೆಯನ್ನು ಕೋಲಾಗಿ ಹಿಡಿಯುವುದು ರೂಢಿ: ಯಾರ ಕೈಗೆ ತಲುಪಿತು, ಯಾರ ಕೈಗೆ ತಲುಪಲಿಲ್ಲ ಎಂಬುದು. ಆ ಉತ್ತರ ಮೊದಲಿನದಷ್ಟು ಹರಿತವಾಗಿರುವುದಿಲ್ಲ. ಆದರೂ ಬಲಕ್ಕೂ ಕೊರತೆಗೂ ಅಲ್ಲಿ ಅಳತೆ ಒಂದೇ ಆಗಿರುತ್ತದೆ, ತೀರ್ಪಿಗೆ ನಿಲ್ಲಲು ನೆಲ ಸಿಗುತ್ತದೆ.